ಶನಿವಾರ ಅಂದರೆ ಶನಿವಾರ

ಆ ಬೀದಿಗೆ ಬಂದು ಪರದೆಯಕ್ಕನ ಅಂಗಡಿ ಯಾವುದು ಎಂದು ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ನಾಳೆಯಪ್ಪನ ಅಂಗಡಿ ಯಾವುದು ಎಂದು ಕೇಳಿದರೆ ಮಲಗಿದ್ದ ನಾಯಿಯೂ ಎದ್ದು ಮೂಲೆಯವರೆಗೆ ಬಂದು ತೋರಿಸಿ ಹೋಗುತ್ತದೆ. ಎರಡೂ ಒಂದೇ ಅಂಗಡಿ. ಬಾಗಿಲ ಮೇಲೆ ಮಗಳ ಹೆಸರಿನ ಬೋರ್ಡು ಬಂದು ಬಹಳ ಕಾಲವಾಯಿತು. ಆದರೂ ಅಪ್ಪ ಸಂಪಾದಿಸಿದ ಹೆಸರು ಬೋರ್ಡಿಗೆ ಬಳಿದ ಬಣ್ಣಕ್ಕಿಂತ ಗಟ್ಟಿ.

ಕಿಟಕಿಗಳ ಪರದೆ, ಸೋಫಾದ ಗವಸು, ಸಭಾಂಗಣಗಳ ದೊಡ್ಡ ಪರದೆ ಎಲ್ಲವನ್ನೂ ಹೊಲಿಯುತ್ತಿದ್ದ ನಾಳೆಯಪ್ಪನ ಕೈ ಚಿನ್ನದ್ದು. ನಾಲಿಗೆ ಮಾತ್ರ ರಬ್ಬರಿನದು. ಯಾರು ಯಾವಾಗ ಬಂದು ಕೇಳಿದರೂ "ನಾಳೆ" ಎನ್ನುತ್ತಿದ್ದ. ಒಬ್ಬಾಕೆ ಮದುವೆಯ ಹೊಸತರಲ್ಲಿ ಮಲಗುವ ಕೋಣೆಗೆ ಹೇಳಿದ್ದ ಪರದೆ ಆಕೆಯ ಮೊಮ್ಮಗು ತೊಟ್ಟಿಲಿಂದ ಇಳಿದ ವರ್ಷ ಮನೆ ಸೇರಿತಂತೆ. ನಾಳೆ ಎನ್ನಲು ಕಾರಣ ಬೇಕಲ್ಲ, ಅದಕ್ಕಾಗಿ ಆತ ತನ್ನ ಅತ್ತೆಯನ್ನು ಎಷ್ಟು ಸಲ ಸಾಯಿಸಿದ್ದನೆಂದರೆ, ಒಮ್ಮೆ ಆ ಮುದುಕಿ ಅಂಗಡಿಯಲ್ಲಿ ಕೂತು ಟೀ ಕುಡಿಯುತ್ತಿದ್ದಾಗ ಬಂದ ಗಿರಾಕಿಯೊಬ್ಬರು ಆಕೆಗೇ ಆಕೆಯ ಸಾವಿನ ಸಂತಾಪ ಹೇಳಿ ಹೋದರು. ಮುದುಕಿ ಅಳಿಯನ ಮಾನ ಉಳಿಸಲು ಕಣ್ಣೊರೆಸಿಕೊಂಡಳು.

ಮಗಳು ಪರದೆಯಕ್ಕ ಈ ನಾಳೆಗಳ ನಡುವೆಯೇ ಬೆಳೆದವಳು. ಅಪ್ಪನಿಗೆ ಮೊಣಕಾಲು ಹಿಡಿದು, ಅಂಗಡಿ ಅವಳ ಕೈಗೆ ಬಂದ ದಿನ ಅವಳು ಮಾಡಿದ ಮೊದಲ ಕೆಲಸ, ಆ ಒಂದು ಶಬ್ದವನ್ನು ಅಂಗಡಿಯೊಳಗೆ ಯಾರೂ ಆಡಕೂಡದು ಎಂದು ಹೇಳಿದ್ದು. ಅಪ್ಪ ಅದಕ್ಕೆ ನಕ್ಕು, "ಹಾಗಾದ್ರೆ ಇವತ್ತು ಆದ್ಮೇಲೆ ಏನು ಬರುತ್ತೆ ಅಂತ ಹೇಳೋದು?" ಎಂದು ಕೇಳಿದ್ದ.

ಊರಿನ ಹಳೆಯ ರಂಗಮಂದಿರವನ್ನು ದುರಸ್ತಿ ಮಾಡಿ ಮತ್ತೆ ತೆರೆಯುತ್ತಿದ್ದರು. ಅದರ ಮುಖ್ಯ ಪರದೆಯ ಕೆಲಸ ಪರದೆಯಕ್ಕನಿಗೆ ಸಿಕ್ಕಿತ್ತು. ಕಡುಗೆಂಪು ಮಖಮಲ್ಲು, ಹರಡಿದರೆ ಒಂದು ಸಣ್ಣ ಕೆರೆಯನ್ನು ಮುಚ್ಚಬಹುದು. ಅದರ ಜೊತೆಗೆ ಪಕ್ಕದ ಪರದೆಗಳು, ಮೇಲೆ ಅಡ್ಡಕ್ಕೆ ಇಳಿಬಿಡುವ ಜಾಲರಿ, ಹಿಂದಿನ ಕಪ್ಪು ಪರದೆ. ಇದು ಚೆನ್ನಾಗಿ ಆದರೆ ಸಭಾಂಗಣದ ಅಷ್ಟೂ ಕುರ್ಚಿಗಳಿಗೆ ಗವಸು ಹೊಲಿಯುವ ಕೆಲಸವೂ ನಿಮಗೇ ಎಂದು ಅಲ್ಲಿಯ ಮ್ಯಾನೇಜರು ಹೇಳಿದ್ದರು. ಆ ಕುರ್ಚಿಗಳು ಸಿಕ್ಕಿದರೆ ಅಂಗಡಿ ಉಳಿಯುತ್ತಿತ್ತು. ಸಿಗದಿದ್ದರೆ ಅವಳೂ ಅವಳ ಅತ್ತಿಗೆಯೂ ಎರಡು ಹೊಲಿಗೆ ಯಂತ್ರಗಳನ್ನು ಮಾರಿ, ಯಾರದೋ ಕಾರ್ಖಾನೆಯಲ್ಲಿ ದಿಂಬಿನ ಚೀಲ ಹೊಲಿಯಲು ಹೋಗಬೇಕಿತ್ತು. ಕೊಡಬೇಕಾದ ದಿನ ಶುಕ್ರವಾರ. ಉದ್ಘಾಟನೆ ಭಾನುವಾರ.

ಆ ವಾರದ ಸೋಮವಾರ ಬೆಳಗ್ಗೆ, ನೆರಿಗೆ ಹಿಡಿದು ಹೊಲಿದಿದ್ದ ಪರದೆಯನ್ನು ಅಂಗಡಿಯ ಹಿಂದಿನ ಎತ್ತರದ ಶೆಡ್ಡಿನ ತೊಲೆಗೆ ಏರಿಸಿದರು. ದೊಡ್ಡ ಪರದೆಯ ಕೆಳಗಿನ ಅಂಚನ್ನು ಕೊನೆಗೇ ಮಡಿಚಬೇಕು. ಬಟ್ಟೆ ತನ್ನ ಭಾರಕ್ಕೆ ತಾನೇ ಇಳಿದು ನಿಂತ ಮೇಲೆಯೇ ಉದ್ದ ಸರಿಯಾಗಿ ತಿಳಿಯುವುದು. ಅತ್ತಿಗೆ ಶೆಡ್ಡಿನ ಬಾಗಿಲು ತೆರೆದಳು. ಬಿಸಿಲು ಬಿತ್ತು.

ಪರದೆಯಲ್ಲಿ ಪಟ್ಟೆಗಳಿದ್ದವು.

ಒಂದು ಪಟ್ಟಿ ದ್ರಾಕ್ಷಿ ರಸದ ಬಣ್ಣ, ಅದರ ಪಕ್ಕದ್ದು ಬಿಸಿಲಿಗೆ ಒಣಗಿದ ಇಟ್ಟಿಗೆಯ ಬಣ್ಣ, ಆಮೇಲೆ ಮತ್ತೆ ದ್ರಾಕ್ಷಿ, ಮತ್ತೆ ಇಟ್ಟಿಗೆ. ಕೆಂಪು ಬಣ್ಣದ ಜೀಬ್ರಾ ಒಂದು ತೊಲೆಗೆ ನೇಣು ಹಾಕಿಕೊಂಡ ಹಾಗೆ ಕಾಣುತ್ತಿತ್ತು.

"ಇದೇನಕ್ಕಾ ಇದು, ಬಣ್ಣ ಬಿಟ್ಟಿದ್ಯಾ?" ಎಂದಳು ಅತ್ತಿಗೆ.

ಪರದೆಯಕ್ಕ ಹತ್ತಿರ ಹೋಗಿ ಒಂದು ಪಟ್ಟಿಯನ್ನು ಅಂಗೈಯಿಂದ ಕೆಳಮುಖವಾಗಿ ಸವರಿದಳು. ಬೆಕ್ಕಿನ ಬೆನ್ನು ಸವರಿದಂತೆ ನುಣ್ಣಗೆ ಜಾರಿತು. ಪಕ್ಕದ ಪಟ್ಟಿಯನ್ನು ಸವರಿದಳು. ಅದೇ ಬೆಕ್ಕನ್ನು ಬಾಲದಿಂದ ತಲೆಯ ಕಡೆಗೆ ಸವರಿದ ಹಾಗಾಯಿತು. ಮಖಮಲ್ಲಿನ ಮೈಮೇಲಿನ ಕೂದಲಿನಂಥ ನವಿರು ಒಂದೇ ದಿಕ್ಕಿಗೆ ಮಲಗಿರುತ್ತದೆ. ಪಟ್ಟಿಗಳನ್ನು ಜೋಡಿಸುವಾಗ ಎಲ್ಲದರ ನವಿರೂ ಒಂದೇ ಕಡೆ ಇರಬೇಕು. ಒಂದು ತಲೆಕೆಳಗಾದರೂ ಬೆಳಕು ಅದರ ಮೇಲೆ ಬೇರೆ ಥರ ಬೀಳುತ್ತದೆ. ಇಲ್ಲಿ ಒಂದು ಬಿಟ್ಟು ಒಂದು ತಲೆಕೆಳಗಾಗಿದ್ದವು.

ಅವಳಿಗೆ ತಕ್ಷಣ ತಿಳಿಯಿತು. ಕಳೆದ ವಾರ ಅವಳು ಪರದೆಯ ಒಳಪದರಕ್ಕೆ ಬಟ್ಟೆ ತರಲು ಹೋಗಿದ್ದಾಗ ಕತ್ತರಿ ಹಿಡಿದದ್ದು ಅಪ್ಪ. ಒಂದು ಪಟ್ಟಿ ಅಳೆದು ಕತ್ತರಿಸಿದ ಮೇಲೆ ಸುರುಳಿಯನ್ನು ಹೊತ್ತು ಮತ್ತೆ ಮೇಜಿನ ಮೊದಲಿಗೆ ಬಂದು ಹಾಸಬೇಕು. ಆ ಮೇಜು ಊರಿಂದ ಊರಿಗೆ ಹೋಗುವಷ್ಟು ಉದ್ದ. ನಾಳೆಯಪ್ಪನ ಮೊಣಕಾಲು ಆ ಪ್ರಯಾಣಕ್ಕೆ ಒಪ್ಪಲಿಲ್ಲ. ಹೋಗುವಾಗ ಒಂದು ಪಟ್ಟಿ ಹಾಸಿ, ಬರುವಾಗ ಅದರ ಮೇಲೇ ಇನ್ನೊಂದು ಹಾಸಿ, ಹಾಗೇ ಮಡಿಚುತ್ತಾ ಹೋಗಿ, ಎರಡೂ ತುದಿ ಕತ್ತರಿಸಿ, ಎಡಗಡೆಯ ತುದಿಗಳಿಗೆಲ್ಲ 'ಮೇಲೆ' ಎಂದು ಗುರುತು ಹಾಕಿದ್ದ. ಸಾದಾ ಬಟ್ಟೆಯಾಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಗುರುತು ನಂಬಿ, ಒಮ್ಮೆಯೂ ಅಂಗೈ ಆಡಿಸದೆ, ಟ್ಯೂಬ್‌ಲೈಟಿನ ಕೆಳಗೆ ಅಷ್ಟನ್ನೂ ಹೊಲಿದವಳು ತಾನು.

ಮೂಲೆಯ ಕುರ್ಚಿಯಲ್ಲಿದ್ದ ನಾಳೆಯಪ್ಪ ಪರದೆ ನೋಡಿದ, ಮಗಳ ಮುಖ ನೋಡಿದ, ಮೊಣಕಾಲು ಒತ್ತಿಕೊಂಡ.

"ಗಾಬರಿಯಾಗಬೇಡ ಕಣೇ. ಮಿಲ್ಲಿಗೆ ಬೆಂಕಿ ಬಿತ್ತು ಅಂತ ಹೇಳೋಣ."

"ಬಟ್ಟೆ ಬಂದಿದೆ ಅಂತ ಹೋದ ವಾರವೇ ಅವರಿಗೆ ಹೇಳಿದ್ದೀನಪ್ಪ."

"ಹಾಗಾದ್ರೆ ಬಂದ ಬಟ್ಟೆಗೆ ಬೆಂಕಿ. ಇಲ್ಲಾ ಅಂದ್ರೆ ನನಗೇ ಏನಾದರೂ ಆಗಿದೆ ಅನ್ನು. ಆಸ್ಪತ್ರೆಯಲ್ಲಿದ್ದೀನಿ ಅನ್ನು. ಇಷ್ಟು ವರ್ಷ ಅತ್ತೆ ಸಾಕಷ್ಟು ಸತ್ತಿದಾಳೆ, ಈಗ ನನ್ನ ಸರದಿ."

ಪರದೆಯಕ್ಕ ಪರದೆಯನ್ನು ಕೆಳಗಿಳಿಸಿ ಮೇಜಿನ ಮೇಲೆ ಹರಡಿಸಿದಳು. ಅತ್ತಿಗೆಯ ಜೊತೆ ಕೂತು ಲೆಕ್ಕ ಹಾಕಿದಳು. ಹೊಸ ಬಟ್ಟೆ ಬೇಕಿಲ್ಲ. ಎಲ್ಲ ಹೊಲಿಗೆ ಬಿಚ್ಚಿ, ತಲೆಕೆಳಗಾದ ಪಟ್ಟಿಗಳನ್ನು ತಿರುಗಿಸಿದರೆ ಸಾಕು. ಅವುಗಳ ಮೇಲ್ತುದಿಯ ನೆರಿಗೆಯ ಸೂಜಿ ತೂತುಗಳೆಲ್ಲ ಕೆಳಗೆ ಬಂದು ಅಂಚಿನ ಅಗಲ ಮಡಿಕೆಯೊಳಗೆ ಅಡಗುತ್ತವೆ. ಆದರೆ ಮಖಮಲ್ಲಿನ ಹೊಲಿಗೆಯನ್ನು ಸರ್ರನೆ ಕಿತ್ತರೆ ನವಿರೇ ಕಿತ್ತು ಬರುತ್ತದೆ, ಒಂದೊಂದೇ ದಾರ ಎತ್ತಬೇಕು. ಬಿಚ್ಚಿದ ಮೇಲೆ ಹಿಂಬದಿಯಿಂದ ಆವಿ ಹಿಡಿದು ನೇತುಹಾಕಬೇಕು. ಮತ್ತೆ ಜೋಡಣೆ, ಮತ್ತೆ ನೆರಿಗೆ, ಆಮೇಲೆ ಅಂಚು. ಅತ್ತಿಗೆ, "ಓಡೋಡಿ ಮಾಡಿದ್ರೆ ಮುಂದಿನ ವಾರ ಗುರುವಾರ" ಎಂದಳು. ಪರದೆಯಕ್ಕ ಹೊಲಿಗೆ ಬಿಚ್ಚುವ ಕೊಕ್ಕೆ ಬ್ಲೇಡು ತೆಗೆದುಕೊಂಡು ಮೊದಲ ನೆರಿಗೆಯ ದಾರ ಎತ್ತಿದಳು.

"ಅಕ್ಕಾ, ಮೊದಲು ಅವರನ್ನ ಕೇಳೋದು ಬೇಡ್ವಾ?"

"ಕೇಳಕ್ಕೇ ಹೋಗ್ತಿದ್ದೀನಿ. ನಾನು ಬರೋ ಹೊತ್ತಿಗೆ ಈ ಕಡೆ ಅರ್ಧ ಬಿಚ್ಚಿರಬೇಕು."

ನಾಳೆಯಪ್ಪ ಕೋಲು ಹಿಡಿದು ಎದ್ದು ನಿಂತ. "ನಾನೂ ಬರ್ತೀನಿ. ಗಿರಾಕಿ ಹತ್ತಿರ ಮಾತಾಡೋಕೆ ಅನುಭವ ಬೇಕು."

ಬೇಡವೆಂದರೆ ಆತ ಹಿಂದೆಯೇ ಕುಂಟುತ್ತಾ ಬರುತ್ತಾನೆಂದು ಅವಳಿಗೆ ಗೊತ್ತಿತ್ತು. ಆಟೋ ಹತ್ತಿಸಿಕೊಂಡಳು.

ರಂಗಮಂದಿರದ ಮ್ಯಾನೇಜರು ಎರಡು ಫೋನಿನ ಮನುಷ್ಯ. ಒಂದು ಕಿವಿಯಲ್ಲಿ ದೀಪದವನನ್ನು ಬೈಯುತ್ತಾ ಇನ್ನೊಂದು ಕಿವಿಯಲ್ಲಿ ರಂಗಮಂದಿರ ಸಮಿತಿಯ ಅಧ್ಯಕ್ಷರಿಗೆ ಹೌದು ಹೌದು ಎನ್ನುತ್ತಿದ್ದರು. ಬೈಗುಳ ಅಧ್ಯಕ್ಷರಿಗೆ ಹೋಗದಂತೆ ಅವರು ಇಷ್ಟು ದಿನ ನಿಭಾಯಿಸಿದ್ದೇ ಒಂದು ಸರ್ಕಸ್ಸು. ವೇದಿಕೆಯ ಮೇಲೆ ಬಣ್ಣದ ವಾಸನೆ, ಮರದ ಪುಡಿ. ಮೇಲೆ ಪರದೆಗಾಗಿ ಹೊಸ ಹಳಿ ಕೂರಿಸಿದ್ದರು. ಅದರ ಹಗ್ಗ ಖಾಲಿಯಾಗಿ ತೂಗುತ್ತಿತ್ತು.

"ಬನ್ನಿ ಬನ್ನಿ. ಶುಕ್ರವಾರ ಎಷ್ಟು ಹೊತ್ತಿಗೆ ತರ್ತೀರ? ಭಾನುವಾರ ಅಧ್ಯಕ್ಷರು ಆ ಹಗ್ಗ ಎಳೀತಾರೆ, ಪರದೆ ತೆರೆಯುತ್ತೆ, ಫೋಟೋ ಹೊಡೀತಾರೆ. ಅದೇ ಉದ್ಘಾಟನೆ."

ಪರದೆಯಕ್ಕ ಬಾಯಿ ತೆರೆಯುವ ಮೊದಲೇ ನಾಳೆಯಪ್ಪ ಗಂಟಲು ಸರಿಮಾಡಿಕೊಂಡ. ಅರ್ಧ ಶತಮಾನ ಗಿರಾಕಿಗಳನ್ನು ಅಳಿಸಿದ ಗಂಟಲು ಅದು.

"ಸ್ವಾಮೀ, ಏನು ಹೇಳಲಿ. ನಮ್ಮ ಕಡೆ ಒಂದು ದೊಡ್ಡ ಬೆಂಕಿ..."

"ಬೆಂಕಿ ಇಲ್ಲ," ಎಂದಳು ಪರದೆಯಕ್ಕ. "ನಮ್ಮ ತಪ್ಪು."

ನಾಳೆಯಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು. ಒಂದು ಗುಬ್ಬಿ ಬಂದು ಗೂಡು ಕಟ್ಟಬಹುದಿತ್ತು.

"ಪಕ್ಕದ ಪರದೆ, ಜಾಲರಿ, ಹಿಂದಿನ ಕಪ್ಪು ಪರದೆ ಮುಗಿದಿವೆ. ಶುಕ್ರವಾರ ಹೇಳಿದ ಹೊತ್ತಿಗೆ ತಂದು ಕಟ್ಟಿ ಹೋಗ್ತೀವಿ. ಮುಖ್ಯ ಪರದೆ ಶುಕ್ರವಾರ ಆಗಲ್ಲ. ಕತ್ತರಿಸುವಾಗ ಒಂದು ಬಿಟ್ಟು ಒಂದು ಪಟ್ಟಿ ತಲೆಕೆಳಗಾಗಿದೆ. ಬೆಳಕಿಗೆ ಹಿಡಿದ್ರೆ ಎರಡು ಬಣ್ಣ ಕಾಣುತ್ತೆ. ಇವತ್ತು ಬೆಳಗ್ಗೆ ಏರಿಸಿದಾಗ ಗೊತ್ತಾಯ್ತು. ಬಿಚ್ಚಿ, ತಿರುಗಿಸಿ, ಮತ್ತೆ ಹೊಲೀಬೇಕು. ಮುಂದಿನ ವಾರದ ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಆ ಹಳಿಯ ಮೇಲೆ ಪರದೆ ಇರುತ್ತೆ."

ಮ್ಯಾನೇಜರು ಎರಡೂ ಫೋನುಗಳನ್ನು ಮೇಜಿನ ಮೇಲಿಟ್ಟರು. ಕಟ್ಟಡದ ಕೆಲಸ ಶುರುವಾದಾಗಿನಿಂದ ಎರಡನ್ನೂ ಒಟ್ಟಿಗೆ ಕೆಳಗಿಟ್ಟದ್ದು ಅದೇ ಮೊದಲು.

"ಭಾನುವಾರ ಉದ್ಘಾಟನೆ ಅಂತ ಹೇಳಿದ್ದೀನಿ ತಾನೇ?"

"ಹೇಳಿದ್ದೀರಿ. ಅದಕ್ಕೇ ಸೋಮವಾರವೇ ಬಂದಿದ್ದೀನಿ. ಶುಕ್ರವಾರ ಸಂಜೆ ಬಂದು ಹೇಳಿದ್ರೆ ನೀವು ಏನೂ ಮಾಡಕ್ಕಾಗ್ತಿರಲಿಲ್ಲ."

"ಈಗ ಮಾತ್ರ ಏನು ಮಾಡಲಿ? ಅಧ್ಯಕ್ಷರು ಬಂದು ಗಾಳೀನ ಎಳೀತಾರಾ?" ಅವರು ಎದ್ದು ಎರಡು ಸುತ್ತು ಹಾಕಿದರು. ಹಣೆಯ ಗಂಟು ಸಡಿಲವಾಯಿತು. "ನೋಡಿ, ಹಾಗೇ ತಂದು ಹಾಕಿ. ಎರಡು ಬಣ್ಣ ಇದ್ರೆ ಇರಲಿ, ಡಿಸೈನು ಅಂದ್ಕೋತಾರೆ. ಭಾನುವಾರ ಕಳೀಲಿ, ಆಮೇಲೆ ಬಿಚ್ಚಿ ಸರಿಮಾಡಿ."

ನಾಳೆಯಪ್ಪನ ಮುಖ ಅರಳಿತು. "ಎಂಥಾ ಮಾತು ಸ್ವಾಮೀ..."

"ಆಗಲ್ಲ," ಎಂದಳು ಮಗಳು. "ಬೆಳಗ್ಗೆನೇ ಬಿಚ್ಚೋಕೆ ಶುರು ಮಾಡಿದ್ದೀವಿ. ಈಗ ಅದನ್ನ ನೇತುಹಾಕಕ್ಕೆ ಆಗಲ್ಲ, ಒಂದು ಕಡೆ ನೆರಿಗೆ ಬಿಚ್ಚಿ ಹೋಗಿದೆ."

"ನನ್ನ ಕೇಳದೆ?"

"ಕೇಳದೆ. ಅದು ನಿಮಗೆ ಸಿಟ್ಟು ಬರೋ ವಿಷಯವೇ, ಬೈಯಿರಿ. ಇಡಿಯಾಗಿ ಬಿಟ್ಟು ಬಂದಿದ್ರೆ ನೀವು ಹಾಗೇ ಹಾಕಿ ಅಂತಿದ್ರಿ, ನಾನೂ ಕುರ್ಚಿ ಕೆಲಸದ ಆಸೆಗೆ ಹೂಂ ಅಂತಿದ್ದೆ. ಆಮೇಲೆ ಆ ಫೋಟೋ ಗೋಡೆ ಮೇಲೆ ಇರೋವರೆಗೂ ಇದು ನಾಳೆಯಪ್ಪನ ಮಗಳು ಹೊಲಿದ ಪಟ್ಟೆ ಪರದೆ ಅಂತ ಜನ ತೋರಿಸ್ತಿದ್ರು. ನನ್ನನ್ನ ನಾನೇ ನಂಬಲಿಲ್ಲ, ಅದಕ್ಕೆ ಬಿಚ್ಚಿ ಬಂದೆ."

ಮ್ಯಾನೇಜರು ಕೂತರು. "ಯಾರು ಕತ್ತರಿಸಿದ್ದು?"

"ಅಂಗಡಿ ಕತ್ತರಿಸಿದ್ದು. ನಾನು ಸವರಿ ನೋಡದೆ ಹೊಲಿದೆ."

"ಅಂಗಡಿಗೆ ಕೈ ಇದ್ಯಾ?"

ಆಗ ನಾಳೆಯಪ್ಪ ಕೋಲನ್ನು ನೆಲಕ್ಕೆ ಕುಟ್ಟಿದ. "ನಾನು ಸ್ವಾಮೀ ಕತ್ತರಿಸಿದ್ದು. ಮೊಣಕಾಲು ನೋವು. ಆ ಮೇಜು ಸುತ್ತಿ ಸುತ್ತಿ ಬರೋಕೆ ಆಗಲಿಲ್ಲ, ಮಡಿಚಿ ಮಡಿಚಿ ಕತ್ತರಿಸಿದೆ. ಬೇಕಿದ್ರೆ ಬಂದು ನೀವೇ ಒಂದು ಸಲ ಸುತ್ತಿ ನೋಡಿ."

ಆತ ವ್ಯಾಪಾರ ಶುರು ಮಾಡಿದಾಗಿನಿಂದ ಗಿರಾಕಿಗೆ ಹೇಳಿದ ಮೊದಲ ನಿಜ ಇದು. ಅದನ್ನೂ ಜಗಳದ ದನಿಯಲ್ಲೇ ಹೇಳಿದ. ಪರದೆಯಕ್ಕ ಅಪ್ಪನ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ನಗು ಬಂದುಬಿಡುತ್ತಿತ್ತು.

"ಸರಿ," ಎಂದರು ಮ್ಯಾನೇಜರು, ಚೌಕಾಸಿಗೆ ಕೂತ ದನಿಯಲ್ಲಿ. "ಬುಧವಾರ ಕೊಡಿ."

"ಶನಿವಾರ."

"ಗುರುವಾರ ಅಂದ್ರೆ ನಿಮ್ಮ ಗಂಟೇನು ಹೋಗುತ್ತೆ? ಅಧ್ಯಕ್ಷರಿಗೆ ಹೇಳೋಕೆ ಸ್ವಲ್ಪ ಹತ್ತಿರದ ದಿನ ಬೇಕು."

"ಹೇಳಕ್ಕೇನು, ಗುರುವಾರ ಅಂತ ಈಗಲೇ ಹೇಳ್ತೀನಿ. ನೀವು ಖುಷಿಯಾಗಿ ಟೀ ತರಿಸ್ತೀರ. ಗುರುವಾರ ಫೋನ್ ಮಾಡಿದಾಗ ಶುಕ್ರವಾರ ಅಂತೀನಿ. ಅದು ನಮ್ಮ ಮನೆಗೆ ಹೊಸದಲ್ಲ, ನಮ್ಮಪ್ಪ ಅದರಲ್ಲೇ ನನ್ನ ಓದಿಸಿದ್ದು. ಈ ವಾರ ಪೂರ್ತಿ ಬಿಚ್ಚೋದು. ಭಾನುವಾರ, ಸೋಮವಾರ ಆವಿ ಹಿಡಿದು ನೇತುಹಾಕೋದು. ಮಂಗಳವಾರದಿಂದ ಗುರುವಾರದವರೆಗೆ ಜೋಡಣೆ, ನೆರಿಗೆ, ಅಂಚು. ಶುಕ್ರವಾರ ಕೈಯಲ್ಲಿ ಇಟ್ಕೊಂಡಿದ್ದೀನಿ."

"ನೋಡಿದ್ರಾ, ಒಂದು ದಿನ ಖಾಲಿ ಇದೆ. ಅದನ್ನ ನನಗೆ ಕೊಡಿ."

"ಅದು ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಕರೆಂಟು ಹೋದ್ರೆ, ಸೂಜಿ ಮುರಿದ್ರೆ, ಅತ್ತಿಗೆಗೆ ಜ್ವರ ಬಂದ್ರೆ ಅಂತ ತೆಗೆದಿಟ್ಟಿದ್ದು. ಅದನ್ನ ನಿಮಗೆ ಕೊಟ್ರೆ ನಾನು ಹೇಳಿದ ದಿನಕ್ಕೆ ಬೆಲೆ ಇರಲ್ಲ."

"ಎದುರು ಬೀದಿಯ ಅಂಗಡಿಯವನನ್ನ ಕರೆದ್ರೆ ನಾಳೆನೇ ಮಾಡ್ಕೊಡ್ತೀನಿ ಅಂತಾನೆ."

"ಅಂತಾನೆ," ಎಂದಳು ಪರದೆಯಕ್ಕ. "ನಾಳೆ ಅನ್ನೋಕೆ ಎಷ್ಟು ಹೊತ್ತು ಬೇಕು? ಕರೀರಿ. ಪಟ್ಟಿಗಳನ್ನ ನಾನೇ ಹೊತ್ಕೊಂಡು ಹೋಗಿ ಅವನಿಗೆ ಕೊಟ್ಟು ಬರ್ತೀನಿ. ತಲೆ ಯಾವ ಕಡೆ ಅಂತ ಗುರುತೂ ಹಾಕಿ ಕೊಡ್ತೀನಿ."

ಮ್ಯಾನೇಜರು ಫೋನು ಎತ್ತಿಕೊಂಡರು. ಹೆಸರು ಹುಡುಕಿದರು. ಮತ್ತೆ ಕೆಳಗಿಟ್ಟರು. ಎದುರಿನವನು ನಟರು ಬಣ್ಣ ಹಚ್ಚುವ ಕೋಣೆಯ ಕಿಟಕಿಗಳಿಗೆ ಕಳೆದ ತಿಂಗಳು ಕೊಡಬೇಕಿದ್ದ ಪರದೆ ಇನ್ನೂ ಬಂದಿರಲಿಲ್ಲ. ಕಿಟಕಿಗೆ ಹಳೆಯ ಬ್ಯಾನರು ಕಟ್ಟಿದ್ದು ಕೂತಲ್ಲಿಂದಲೇ ಕಾಣುತ್ತಿತ್ತು.

"ಶನಿವಾರ ಹತ್ತು ಗಂಟೆ," ಎಂದರು ಕೊನೆಗೆ. "ಹತ್ತು ಗಂಟೆಗೆ ಆ ಹಳಿ ಮೇಲೆ ಪರದೆ ಇರಲಿಲ್ಲ ಅಂದ್ರೆ ಕುರ್ಚಿ ಕೆಲಸ ನಿಮಗಿಲ್ಲ."

"ಒಪ್ಪಿದೆ. ನೀವು ಮಾತು ಬದಲಾಯಿಸಬಾರದು, ನಾನೂ ಬದಲಾಯಿಸಬಾರದು." ಅವಳು ಅಲ್ಲೇ ನಿಂತು ಫೋನಿನಲ್ಲಿ ಬರೆದಳು: ಕತ್ತರಿಸುವಾಗ ನಮ್ಮಿಂದ ತಪ್ಪಾಗಿದೆ. ಉಳಿದ ಪರದೆಗಳು ಇದೇ ಶುಕ್ರವಾರ. ಮುಖ್ಯ ಪರದೆ ಮುಂದಿನ ಶನಿವಾರ ಬೆಳಗ್ಗೆ ಹತ್ತಕ್ಕೆ, ತಾರೀಖು ಸಹಿತ. ತಪ್ಪಿದರೆ ಕುರ್ಚಿ ಕೆಲಸ ಇಲ್ಲ. ಮ್ಯಾನೇಜರ ಮೇಜಿನ ಮೇಲಿನ ಫೋನು ಟಿಣ್ ಎಂದಿತು. ಅವರು ಓದಿ, ಸರಿ ಎಂದು ಉತ್ತರ ಒತ್ತಿದರು. ಎದುರೆದುರು ಕೂತು ಸಂದೇಶ ಕಳಿಸಿಕೊಂಡ ಇಬ್ಬರನ್ನೂ ನಾಳೆಯಪ್ಪ ಹುಚ್ಚರನ್ನು ನೋಡುವಂತೆ ನೋಡಿದ.

ಹಿಂದಿರುಗುವಾಗ ಆಟೋದಲ್ಲಿ ಆತ, "ಬೆಂಕಿ ಚೆನ್ನಾಗಿತ್ತು ಕಣೇ, ಸುಮ್ಮನೆ ಹಾಳು ಮಾಡಿದೆ" ಎಂದ.

ಶುಕ್ರವಾರ ಉಳಿದ ಪರದೆಗಳು ಹೋದವು. ಭಾನುವಾರ ಪರದೆಯಿಲ್ಲದೆಯೇ ಉದ್ಘಾಟನೆಯಾಯಿತು. ಮ್ಯಾನೇಜರು ವೇದಿಕೆಯನ್ನು ಕತ್ತಲು ಮಾಡಿಸಿ, ಅಧ್ಯಕ್ಷರ ಕೈಯಲ್ಲಿ ದೀಪಗಳ ಸ್ವಿಚ್ಚು ಒತ್ತಿಸಿದರು. ಅಧ್ಯಕ್ಷರು ಮೂರು ಸಲ ಒತ್ತಿ ಆರಿಸಿ ಮತ್ತೆ ಒತ್ತಿದರಂತೆ. ಹಗ್ಗಕ್ಕಿಂತ ಇದೇ ಅವರಿಗೆ ಹಿಡಿಸಿತು.

ಬುಧವಾರ ಮ್ಯಾನೇಜರ ಫೋನು ಬಂತು. ಗುರುವಾರ ಯಾರೋ ದೊಡ್ಡವರು ರಂಗಮಂದಿರ ನೋಡಲು ಬರುತ್ತಾರೆ, ಏನಾದರೂ ಮಾಡಕ್ಕಾಗುತ್ತಾ ಎಂದರು. ಪರದೆಯಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದಳು. ತೆಗೆದು, "ಶನಿವಾರ" ಎಂದು ಮತ್ತೆ ಕಚ್ಚಿಕೊಂಡಳು.

ಗುರುವಾರ ಸಂಜೆ ಅಂಚಿನ ಮಡಿಕೆ ಅರ್ಧಕ್ಕೆ ಬಂದಾಗ ದೊಡ್ಡ ಯಂತ್ರದ ಮೋಟಾರು ಸುಟ್ಟುಹೋಯಿತು. ಚಿಕ್ಕ ಯಂತ್ರದ ಸೂಜಿ ಅಷ್ಟು ದಪ್ಪ ಮಡಿಕೆಯೊಳಗೆ ಇಳಿಯದು. ಹೊಗೆ ಬಂತು, ವಾಸನೆ ಬಂತು, ಅತ್ತಿಗೆ ತಲೆಯ ಮೇಲೆ ಕೈ ಹೊತ್ತು ಕೂತಳು. ನಾಳೆಯಪ್ಪನ ಕಣ್ಣು ಮಾತ್ರ ಹೊಳೆಯಿತು. "ಈಗ ನಿಜವಾಗ್ಲೂ ಬೆಂಕಿ ಬಿದ್ದಿದೆ. ಫೋನ್ ಮಾಡೋಣ್ವಾ?"

"ಇದಕ್ಕೇ ಅಪ್ಪ ಶುಕ್ರವಾರ ಇಟ್ಕೊಂಡಿದ್ದು. ಸೂಜಿ ತಗೋ."

ಶುಕ್ರವಾರ ಮೂವರೂ ಮೇಜಿನ ಮೂರು ಕಡೆ ಕೂತು ಉಳಿದ ಅಂಚನ್ನು ಕೈಯಲ್ಲಿ ಹೊಲಿದರು. ನಾಳೆಯಪ್ಪ ಕೂತಲ್ಲೇ ಕೂತು ಇಬ್ಬರಿಗಿಂತ ಹೆಚ್ಚು ಹೊಲಿದ. ಆತನ ಸೂಜಿ ಹೋದ ವೇಗಕ್ಕೆ ದಾರಕ್ಕೆ ಬೆವರು ಬಂತು ಎಂದು ಅತ್ತಿಗೆ ಈಗಲೂ ಹೇಳುತ್ತಾಳೆ. ಪ್ರತಿ ಪಟ್ಟಿಗೆ ಬಂದಾಗಲೂ ಆತ ಮೊದಲು ಅಂಗೈ ಆಡಿಸಿ ನೋಡುತ್ತಿದ್ದ. ಯಾರೂ ಹೇಳಿರಲಿಲ್ಲ.

ಶನಿವಾರ ಹತ್ತು ಗಂಟೆಗೆ ಮ್ಯಾನೇಜರು ಕೈಗಡಿಯಾರ ನೋಡುತ್ತಾ ಒಳಗೆ ಬಂದಾಗ ಪರದೆ ಹಳಿಯ ಮೇಲಿತ್ತು. ಅವರು ಎಲ್ಲ ದೀಪ ಹಾಕಿಸಿದರು. ಎಡದಿಂದ ನೋಡಿದರು, ಬಲದಿಂದ ನೋಡಿದರು, ಬಾಲ್ಕನಿ ಹತ್ತಿ ನೋಡಿದರು. ಈ ತುದಿಯಿಂದ ಆ ತುದಿಯವರೆಗೆ ಒಂದೇ ಕೆಂಪು. ಕೆಳಗೆ ಬಂದು ವೇದಿಕೆ ಹತ್ತಿ ಹಗ್ಗ ಎಳೆದರು. ಪರದೆ ಸದ್ದಿಲ್ಲದೆ ತೆರೆಯಿತು. ಮುಚ್ಚಿದರು, ಮತ್ತೆ ಎಳೆದರು. ಅಧ್ಯಕ್ಷರಿಗೆ ಸಿಗದ ಸುಖವನ್ನೆಲ್ಲ ತಾವೇ ಅನುಭವಿಸಿ ಇಳಿದು ಬಂದರು. ಚೆನ್ನಾಗಿದೆ ಎಂದು ಹೇಳಲಿಲ್ಲ. ಭಾನುವಾರದ ನೋವು ಅವರಿಗೆ ಇನ್ನೂ ಇತ್ತು.

"ಕುರ್ಚಿಗಳು ಯಾವಾಗ ಕೊಡ್ತೀರ?" ಎಂದರು ಗಂಟಿಕ್ಕಿದ ಮುಖದಲ್ಲೇ.

ಉತ್ತರ ಕೊಡಲು ಪರದೆಯಕ್ಕನಿಗಿಂತ ಮೊದಲು ನಾಳೆಯಪ್ಪನ ಬಾಯಿ ತೆರೆದುಕೊಂಡಿತು. ಹಳೆಯ ಅಭ್ಯಾಸ, ಶಬ್ದ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಮಗಳು ನೋಡಿದಳು. ಆತ ಬಾಯಿ ಮುಚ್ಚಿದ, ಉಗುಳು ನುಂಗಿದ, ಕುರ್ಚಿಗಳ ಸಾಲುಗಳನ್ನು ಕೋಲಿನಿಂದ ತೋರಿಸಿದ.

"ಮೊದಲು ಒಂದು ಕುರ್ಚಿ ಬಿಚ್ಚಿ ನೋಡ್ತೀವಿ ಸ್ವಾಮೀ. ಬಿಚ್ಚದೆ ದಿನ ಹೇಳಲ್ಲ. ಲೆಕ್ಕ ಹಾಕಿ ಸಂಜೆ ಹೇಳ್ತೀವಿ."

"ಸಂಜೆ ಅಂದ್ರೆ ನಿಮ್ಮ ಲೆಕ್ಕದಲ್ಲಿ ಯಾವ ವರ್ಷ?" ಎಂದರು ಮ್ಯಾನೇಜರು.

"ಸಂಜೆ ಅಂದ್ರೆ ಸಂಜೆ," ಎಂದಳು ಪರದೆಯಕ್ಕ. ಮೊದಲ ಸಾಲಿನ ಒಂದು ಕುರ್ಚಿಯ ಮುಂದೆ ಮಂಡಿಯೂರಿ ಕೂತು, ಕೊಕ್ಕೆ ಬ್ಲೇಡು ತೆಗೆದು, ಅದರ ಹಳೆಯ ಗವಸಿನ ಮೊದಲ ದಾರ ಎತ್ತಿದಳು.